ಬೆಳಗಿನ ಡ್ಯಾಶ್‌ಬೋರ್ಡ್ ತಡವಾದಾಗ ಫೈನಾನ್ಸ್‌ನವರಿಗೆ ಇಮೇಲ್ ಬರೆಯುವುದು ಹೇಗೆ: ಒಂದು ಘಟನೆ, ಮೊದಲಿಂದ ಕೊನೆವರೆಗೆ

ಬೆಳಿಗ್ಗೆ 8:40ಕ್ಕೆ ಫೈನಾನ್ಸ್‌ನಿಂದ ಫೋನ್ ಬಂತು. "ಬರಬೇಕಾದ ಬಾಕಿ ಒಂದೇ ರಾತ್ರಿಯಲ್ಲಿ 28 ಲಕ್ಷ ಇಳಿದಿದೆ. ನಿನ್ನೆ ನಾವು ಅಷ್ಟೊಂದು ಇನ್‌ವಾಯ್ಸ್ ಕಳಿಸಿದ್ದೀವಲ್ಲ, ಏರಬೇಕಿತ್ತು ಅಲ್ವಾ?"

ಅವರು ಹೇಳಿದ್ದು ಸರಿಯಾಗಿತ್ತು. ಅಂದು ಡ್ಯಾಶ್‌ಬೋರ್ಡ್ ಸರಿಯಾದ ಲೆಕ್ಕದೊಂದಿಗೆ ಸಿದ್ಧವಾಗಿದ್ದು 10:40ಕ್ಕೆ. ಸಿಗಬೇಕಾಗಿದ್ದು 8:00ಕ್ಕೆ. ಆ ದಿನ ಮಧ್ಯಾಹ್ನ ಫೈನಾನ್ಸ್ ತಂಡಕ್ಕೆ ಒಂದು ಇಮೇಲ್ ಬರೆದೆ. ಅದನ್ನು ಹೇಗೆ ಕಟ್ಟಿದೆ, ಬರೆಯುವ ಮೊದಲು ಏನೇನು ಹುಡುಕಬೇಕಾಯಿತು, ಯಾವುದನ್ನು ಬಿಟ್ಟೆ ಎಂಬುದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ. ಡೇಟಾ ಎಂಜಿನಿಯರ್ ಆಗಿ ಕೆಲಸ ಮಾಡುವ ಯಾರಿಗಾದರೂ ಇಂಥ ಬೆಳಿಗ್ಗೆ ಬಂದೇ ಬರುತ್ತದೆ.

ಮೊದಲು ಎರಡು ಸಾಲಿನ ಸಂದೇಶ

ಕಾರಣ ಹುಡುಕಿ ಮುಗಿಯುವವರೆಗೆ ಸುಮ್ಮನಿರಬೇಡಿ. ಫೋನ್ ಇಟ್ಟ ತಕ್ಷಣ ನಾನು ಕಳಿಸಿದ್ದು ಇಷ್ಟೇ: "ಬಾಕಿಯ ಅಂಕಿ ಈಗ ನಂಬುವಂತಿಲ್ಲ, ದಯವಿಟ್ಟು ಬಳಸಬೇಡಿ. ಹುಡುಕುತ್ತಿದ್ದೇವೆ, 9:30ಕ್ಕೆ ಮತ್ತೆ ತಿಳಿಸುತ್ತೇನೆ." ಇದರಲ್ಲಿ ಕಾರಣದ ಊಹೆ ಇಲ್ಲ. ಆ ಹೊತ್ತಿನಲ್ಲಿ ಹೇಳುವ ಕಾರಣ ಬಹುತೇಕ ತಪ್ಪಾಗಿರುತ್ತದೆ, ಆಮೇಲೆ ಅದನ್ನು ತಿದ್ದಲು ಇನ್ನೊಂದು ಇಮೇಲ್ ಬೇಕಾಗುತ್ತದೆ. 9:30ಕ್ಕೆ ಹೇಳಲು ಏನೂ ಇಲ್ಲದಿದ್ದರೂ ಅದನ್ನೇ ಹೇಳಿ.

ದೊಡ್ಡ ಇಮೇಲ್ ಅದೇ ದಿನ ಹೋಗಬೇಕು, ಆದರೆ ಲೆಕ್ಕ ಸರಿಹೋಗಿದೆ ಎಂದು ತಾಳೆ ನೋಡಿದ ಮೇಲೆ.

ಹಂತ 1: ಸಮಯದ ಪಟ್ಟಿ ಮಾಡಿ

ಬರೆಯಲು ಕೂರುವ ಮುನ್ನ ಲಾಗ್‌ಗಳನ್ನು ತೆರೆದು ಏನು, ಎಷ್ಟು ಹೊತ್ತಿಗೆ ಆಯಿತು ಎಂದು ಬರೆದುಕೊಳ್ಳಿ. ನೆನಪಿನಿಂದ ಬರೆಯಬೇಡಿ. ಗಾಬರಿಯಲ್ಲಿ ಕಳೆದ ಒಂದು ಗಂಟೆ ನೆನಪಿನಲ್ಲಿ ಹತ್ತು ನಿಮಿಷವಾಗಿ ಉಳಿದಿರುತ್ತದೆ. ಇನ್ನೊಂದು ವಿಷಯ: ಸರ್ವರ್ ಲಾಗ್‌ಗಳು ಹೆಚ್ಚಾಗಿ ಯುಟಿಸಿ ಸಮಯದಲ್ಲಿರುತ್ತವೆ. ಎಲ್ಲವನ್ನೂ ಓದುವವರ ಗಡಿಯಾರಕ್ಕೆ ತಂದುಕೊಳ್ಳಿ. ಒಂದೇ ಪಟ್ಟಿಯಲ್ಲಿ ಎರಡು ಗಡಿಯಾರ ಸೇರಿಕೊಂಡರೆ ಕಾರಣಕ್ಕಿಂತ ಮೊದಲೇ ಪರಿಣಾಮ ಆದಂತೆ ಕಾಣುತ್ತದೆ.

ನಮ್ಮ ವ್ಯವಸ್ಥೆ ಹೀಗಿದೆ. ಬಿಲ್ಲಿಂಗ್ ವ್ಯವಸ್ಥೆಯಿಂದ ಎರಡು ಬಗೆಯ ದಾಖಲೆ ರಾತ್ರಿ ನಮ್ಮ ಪೋಸ್ಟ್‌ಗ್ರೆಸ್ ಡೇಟಾಬೇಸ್‌ಗೆ ಬರುತ್ತವೆ: ಇನ್‌ವಾಯ್ಸ್‌ಗಳು ಮತ್ತು ಜಮಾಗಳು. ಎರಡಕ್ಕೂ ಬೇರೆ ಬೇರೆ ಜಾಬ್. ಪ್ರತಿ ಜಾಬ್ ಮೊದಲು ಕಚ್ಚಾ ಟೇಬಲ್ ಖಾಲಿ ಮಾಡಿ ಹೊಸದಾಗಿ ತುಂಬುತ್ತದೆ, ಆಮೇಲೆ ಅದರಿಂದ ವರದಿಯ ಟೇಬಲ್ ಕಟ್ಟುತ್ತದೆ. ಡ್ಯಾಶ್‌ಬೋರ್ಡ್ 7:30ಕ್ಕೆ ರಿಫ್ರೆಶ್ ಆಗಿ ವರದಿಯ ಟೇಬಲ್‌ಗಳ ನಕಲು ತೆಗೆದುಕೊಳ್ಳುತ್ತದೆ.

ಅಂದು ಜಮಾದ ಜಾಬ್ ರಾತ್ರಿ 3:20ಕ್ಕೇ ಮುಗಿದಿತ್ತು. ಇನ್‌ವಾಯ್ಸ್ ಜಾಬ್ 3:08ಕ್ಕೆ ಶುರುವಾಗಿ ಅಲ್ಲೇ ನಿಂತಿತ್ತು. ಫೇಲ್ ಆಗಿರಲಿಲ್ಲ. ಪರದೆಯಲ್ಲಿ ಅದು "ನಡೆಯುತ್ತಿದೆ" ಎಂದೇ ತೋರಿಸುತ್ತಿತ್ತು. ಯಾರು ಯಾರನ್ನು ತಡೆದಿದ್ದಾರೆ ಎಂದು ಪೋಸ್ಟ್‌ಗ್ರೆಸ್‌ನಲ್ಲಿ ನೋಡಲು ಇಷ್ಟು ಸಾಕು:

```sql
SELECT pid, usename, state, xact_start,
       pg_blocking_pids(pid) AS blocked_by
FROM pg_stat_activity
WHERE datname = current_database();
```

ಇನ್‌ವಾಯ್ಸ್ ಜಾಬ್‌ನ ಸಾಲಿನಲ್ಲಿ `blocked_by` ಕೆಳಗೆ ಒಂದು ಸಂಖ್ಯೆ ಇತ್ತು. ಆ ಸಂಖ್ಯೆಯ ಸೆಷನ್ ಹುಡುಕಿದರೆ ಅದರ ಸ್ಥಿತಿ `idle in transaction`, ಶುರುವಾದದ್ದು ಹಿಂದಿನ ಸಂಜೆ 6:40ಕ್ಕೆ. ನಮ್ಮ ತಂಡದಲ್ಲೇ ಒಬ್ಬರು ಕಚ್ಚಾ ಟೇಬಲ್‌ನಲ್ಲಿ ಏನೋ ಪರಿಶೀಲಿಸಲು ಒಂದು ಕ್ವೆರಿ ಓಡಿಸಿ, ವಿಂಡೋ ಹಾಗೇ ಬಿಟ್ಟು ಮನೆಗೆ ಹೋಗಿದ್ದರು. ಅವರ ಟೂಲ್‌ನಲ್ಲಿ ಆಟೋ ಕಮಿಟ್ ಆಫ್ ಆಗಿತ್ತು. ಹಾಗಾಗಿ ಬರೀ ಓದುವ ಕ್ವೆರಿಯಾದರೂ ಟ್ರಾನ್ಸಾಕ್ಷನ್ ಮುಗಿಯಲಿಲ್ಲ, ಟೇಬಲ್ ಮೇಲಿನ ಹಿಡಿತವೂ ಸಡಿಲವಾಗಲಿಲ್ಲ. ಟೇಬಲ್ ಖಾಲಿ ಮಾಡುವ `TRUNCATE` ಆಜ್ಞೆಗೆ ಪೂರ್ತಿ ಹಿಡಿತ ಬೇಕು. ಬೇರೆ ಯಾರೇ ಓದುತ್ತಿದ್ದರೂ ಅದು ಕಾಯುತ್ತದೆ, ಎಷ್ಟು ಹೊತ್ತಾದರೂ ಕಾಯುತ್ತದೆ.

9:10ಕ್ಕೆ ಆ ಸೆಷನ್ನನ್ನು `pg_terminate_backend` ಬಳಸಿ ಮುಚ್ಚಿದೆವು. ಅದು ಓದುವ ಕ್ವೆರಿ ಮಾತ್ರ ಎಂದು ಮೊದಲು ಖಚಿತಪಡಿಸಿಕೊಂಡೆವು. ಬರೆಯುವ ಕೆಲಸ ಅರ್ಧದಲ್ಲಿದ್ದರೆ ಅದು ಪೂರ್ತಿ ಹಿಂದಕ್ಕೆ ಹೋಗುತ್ತದೆ. 9:12ಕ್ಕೆ ಜಾಬ್ ಮುಂದೆ ಸಾಗಿತು. ಕಚ್ಚಾ ಟೇಬಲ್ 9:50ಕ್ಕೆ ತುಂಬಿತು, ವರದಿಯ ಟೇಬಲ್ 10:20ಕ್ಕೆ ಸಿದ್ಧ, ರಿಫ್ರೆಶ್ 10:30ಕ್ಕೆ ಮುಗಿಯಿತು. ಉಳಿದ ಹತ್ತು ನಿಮಿಷ ತಾಳೆ ನೋಡಲು.

ಪಟ್ಟಿಯಲ್ಲಿ ಒಂದು ಖಾಲಿ ಜಾಗ ಕಣ್ಣಿಗೆ ಹೊಡೆಯುತ್ತದೆ. 3:08ರಿಂದ 8:40ರವರೆಗೆ ಐದೂವರೆ ಗಂಟೆ ನಮಗೆ ಏನೂ ಗೊತ್ತಿರಲಿಲ್ಲ. ರಿಪೇರಿಗೆ ಹಿಡಿದಿದ್ದು ಎರಡು ಗಂಟೆ ಮಾತ್ರ. ಇದು ಗೊತ್ತಾದ ಮೇಲೆ ಇಮೇಲ್‌ನಲ್ಲಿ ಏನು ಹೇಳಬೇಕು ಎನ್ನುವುದೇ ಬದಲಾಯಿತು. ಜಾಬ್ ಏಕೆ ನಿಂತಿತು ಎನ್ನುವುದು ಅರ್ಧ ಉತ್ತರ. ನಮಗೇ ಏಕೆ ತಿಳಿಯಲಿಲ್ಲ ಎನ್ನುವುದು ಉಳಿದರ್ಧ.

ಹಂತ 2: ತಡವೋ, ತಪ್ಪೋ?

ಇಡೀ ಕೆಲಸದಲ್ಲಿ ನಾನು ಅತಿ ಹೆಚ್ಚು ಹೊತ್ತು ಕೊಡುವುದು ಇದಕ್ಕೆ. "ಡ್ಯಾಶ್‌ಬೋರ್ಡ್ ತಡವಾಯಿತು" ಎಂದು ಬರೆದರೆ ಫೈನಾನ್ಸ್‌ನವರು ಅರ್ಥ ಮಾಡಿಕೊಳ್ಳುವುದು "ಹಳೆಯ ಅಂಕಿ ಇತ್ತು, ಹೊಸದು ಆಮೇಲೆ ಬಂತು" ಎಂದು. ಹಳೆಯ ಅಂಕಿ ಅಂದರೆ ನಿನ್ನೆಯವರೆಗೆ ಸರಿಯಾಗಿದ್ದ ಅಂಕಿ. ಅದರಿಂದ ದೊಡ್ಡ ತೊಂದರೆ ಇಲ್ಲ. ಆದರೆ ಅಂದು ಪರದೆಯ ಮೇಲಿದ್ದ ಅಂಕಿ ಹಳೆಯದೂ ಅಲ್ಲ, ಹೊಸದೂ ಅಲ್ಲ. ಯಾವ ದಿನಕ್ಕೂ ಸೇರದ ಅಂಕಿ ಅದು.

ಲೆಕ್ಕ ನೋಡಿ. ಮೊನ್ನೆಯ ಕೊನೆಗೆ ಬಾಕಿ 420 ಲಕ್ಷ. ನಿನ್ನೆ ಹೊಸ ಇನ್‌ವಾಯ್ಸ್ 36 ಲಕ್ಷ, ಜಮಾ 28 ಲಕ್ಷ. ನಿಜವಾದ ಬಾಕಿ:

```
420 + 36 - 28 = 428
```

ಆದರೆ 7:30ಕ್ಕೆ ರಿಫ್ರೆಶ್ ಆದಾಗ ಜಮಾ ಹೊಸದಿತ್ತು, ಇನ್‌ವಾಯ್ಸ್ ಹಳೆಯದಿತ್ತು:

```
420 - 28 = 392
```

ವ್ಯತ್ಯಾಸ 36 ಲಕ್ಷ, ಅಂದರೆ ಕೈತಪ್ಪಿದ ಇನ್‌ವಾಯ್ಸ್‌ಗಳ ಮೊತ್ತವೇ. ಈ ಹೊಂದಾಣಿಕೆ ಸಿಕ್ಕಿದ್ದು ದೊಡ್ಡ ಸಮಾಧಾನ. ಏಕೆಂದರೆ ತಪ್ಪಿನ ಗಾತ್ರ ಪೂರ್ತಿ ವಿವರಣೆಗೆ ಸಿಕ್ಕಿತು, ಬೇರೆ ಯಾವುದೋ ದೋಷ ಇದರ ಹಿಂದೆ ಅಡಗಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ವ್ಯತ್ಯಾಸ 36ರ ಬದಲು 37 ಬಂದಿದ್ದರೆ ನಾನು ಇಮೇಲ್ ಬರೆಯದೆ ಆ ಒಂದು ಲಕ್ಷವನ್ನು ಹುಡುಕುತ್ತಿದ್ದೆ.

ಹಾಗೇ ಡ್ಯಾಶ್‌ಬೋರ್ಡ್‌ನ ಪ್ರತಿ ಅಂಕಿಯ ಮುಂದೆ ನಿಂತು ಕೇಳಿಕೊಳ್ಳಿ: ಇದು ಎಲ್ಲಿಂದ ಬರುತ್ತದೆ? ಜಮಾದಿಂದ ಮಾತ್ರ ಬರುವ "ನಿನ್ನೆ ಬಂದ ಹಣ" ಸರಿಯಾಗಿತ್ತು. ಇನ್‌ವಾಯ್ಸ್‌ನಿಂದ ಮಾತ್ರ ಬರುವ "ತಿಂಗಳ ಮಾರಾಟ" ಒಂದು ದಿನ ಹಳೆಯದಾಗಿತ್ತು. ಎರಡನ್ನೂ ಬೆರೆಸುವ ಬಾಕಿ, ಮತ್ತು 30 ದಿನ ಮೀರಿದ ಬಾಕಿಯ ಶೇಕಡಾವಾರು, ಇವೆರಡು ತಪ್ಪು. ಈ ಮೂರು ಗುಂಪನ್ನು ಇಮೇಲ್‌ನಲ್ಲಿ ಬೇರೆ ಬೇರೆಯಾಗಿಯೇ ಹೇಳಬೇಕು. ಎಲ್ಲವನ್ನೂ "ಪರಿಣಾಮ ಆಗಿದೆ" ಎಂದು ಒಟ್ಟಿಗೆ ಕಟ್ಟಿದರೆ ಅವರು ಸರಿಯಾಗಿದ್ದ ಅಂಕಿಯನ್ನೂ ಮತ್ತೆ ಪರಿಶೀಲಿಸುತ್ತಾ ಕೂರಬೇಕಾಗುತ್ತದೆ.

ಕೊನೆಗೆ, ಈಗಿನ ಅಂಕಿ ಸರಿ ಎಂದು ಹೇಗೆ ಗೊತ್ತು? ರಿಫ್ರೆಶ್ ಮುಗಿಯಿತು ಎನ್ನುವುದು ಸಾಕ್ಷಿಯಲ್ಲ. ಬಿಲ್ಲಿಂಗ್ ವ್ಯವಸ್ಥೆಯಲ್ಲಿ ನಿನ್ನೆಯ ಇನ್‌ವಾಯ್ಸ್ ಎಷ್ಟು, ಮೊತ್ತ ಎಷ್ಟು ಎಂದು ನೋಡಿ, ನಮ್ಮ ಟೇಬಲ್‌ನ ಜತೆ ತಾಳೆ ಹಾಕಿದೆ. ಎರಡೂ ಕಡೆ 312 ಇನ್‌ವಾಯ್ಸ್, 36 ಲಕ್ಷ. ಫೈನಾನ್ಸ್‌ನವರಿಗೆ ಇದು ಅರ್ಥವಾಗುವ ಸಾಕ್ಷಿ, ಅವರೂ ದಿನವೂ ಮಾಡುವುದು ಇದನ್ನೇ.

ಹಂತ 3: ಕಾರಣವನ್ನು ಅವರ ಭಾಷೆಯಲ್ಲಿ ಹೇಳಿ

ಮೊದಲ ಕರಡಿನಲ್ಲಿ ನಾನು "ಟೇಬಲ್ ಲಾಕ್ ಆಗಿ ಲೋಡ್ ಬ್ಲಾಕ್ ಆಯಿತು" ಎಂದು ಬರೆದಿದ್ದೆ. ಅದು ನಿಜ, ಆದರೆ ಓದುವವರಿಗೆ ಏನೂ ಹೇಳುವುದಿಲ್ಲ. ತಿದ್ದಿ ಹೀಗೆ ಬರೆದೆ: "ರಾತ್ರಿಯ ಕೆಲಸ ಇನ್‌ವಾಯ್ಸ್ ಪಟ್ಟಿಯನ್ನು ಬದಲಿಸಬೇಕಿತ್ತು. ಆ ಪಟ್ಟಿಯನ್ನು ನಮ್ಮ ತಂಡದ ಒಂದು ಕಂಪ್ಯೂಟರ್ ಸಂಜೆಯಿಂದ ತೆರೆದು ಹಿಡಿದಿತ್ತು. ಹಾಗಾಗಿ ಕೆಲಸ ಕಾಯುತ್ತಾ ನಿಂತಿತು." ಲೆಡ್ಜರ್ ಪುಸ್ತಕವನ್ನು ಒಬ್ಬರು ಮೇಜಿನ ಮೇಲೆ ತೆರೆದಿಟ್ಟು ಹೋದರೆ ಇನ್ನೊಬ್ಬರು ಹಾಳೆ ಬದಲಿಸಲು ಆಗದೆ ನಿಂತ ಹಾಗೆ.

ವಿಂಡೋ ಬಿಟ್ಟು ಹೋದವರ ಹೆಸರು ಬರೆಯಲಿಲ್ಲ. ಅವರನ್ನು ಕಾಪಾಡಬೇಕು ಎನ್ನುವುದು ಒಂದು, ಅದಕ್ಕಿಂತ ಮುಖ್ಯವಾಗಿ ಹೆಸರು ಬರೆದರೆ ಕಾರಣ ತಪ್ಪಾಗುತ್ತದೆ. ಯಾರ ವಿಂಡೋ ಆದರೂ ಒಂದು ದಿನ ತೆರೆದೇ ಉಳಿಯುತ್ತದೆ. ಒಂದು ವಿಂಡೋದಿಂದ ರಾತ್ರಿಯ ಲೆಕ್ಕವೆಲ್ಲ ನಿಲ್ಲುವಂತೆ ನಾವು ಬಿಟ್ಟಿದ್ದೆವು ಎನ್ನುವುದೇ ಕಾರಣ. ಎರಡನೆಯ ಕಾರಣವನ್ನೂ ಮುಚ್ಚಿಡಬೇಡಿ: ನಮ್ಮ ಎಚ್ಚರಿಕೆ ಕೆಲಸ ಮಾಡುತ್ತಿದ್ದುದು ಜಾಬ್ ಫೇಲ್ ಆದಾಗ ಮಾತ್ರ. ಕಾಯುತ್ತಾ ನಿಂತ ಜಾಬ್ ಫೇಲ್ ಅಲ್ಲ.

ಹಂತ 4: ಏನು ಬದಲಿಸಿದೆವು, ಅದನ್ನು ಹೇಗೆ ಪರೀಕ್ಷಿಸಿದೆವು

"ಇನ್ನು ಮುಂದೆ ಎಚ್ಚರ ವಹಿಸುತ್ತೇವೆ" ಎಂಬುದು ಬದಲಾವಣೆಯಲ್ಲ. ಅದನ್ನು ಬರೆಯಲೇಬೇಡಿ. ಮಾಡಿ ಮುಗಿಸಿದ್ದನ್ನು ಬರೆಯಿರಿ, ಮಾಡಲಿರುವುದನ್ನು ಬೇರೆ ಸಾಲಿನಲ್ಲಿ ದಿನಾಂಕದೊಂದಿಗೆ ಬರೆಯಿರಿ. ಇವೆರಡು ಬೆರೆತರೆ ಮುಂದಿನ ವಾರ ಮತ್ತೆ ತಡವಾದಾಗ "ಸರಿ ಮಾಡಿದ್ದೀವಿ ಅಂದಿದ್ರಲ್ಲ" ಎಂದು ಕೇಳುತ್ತಾರೆ, ಆಗ ಉತ್ತರ ಇರುವುದಿಲ್ಲ.

ಮೊದಲ ಬದಲಾವಣೆ ಎರಡು ಆಜ್ಞೆಗಳದು:

```sql
ALTER ROLE analyst
  SET idle_in_transaction_session_timeout = '15min';
ALTER ROLE loader SET lock_timeout = '5min';
```

ಮೊದಲನೆಯದು, ಕೆಲಸವಿಲ್ಲದೆ ಟ್ರಾನ್ಸಾಕ್ಷನ್ ಹಿಡಿದು ಕೂತ ಸೆಷನ್ನನ್ನು 15 ನಿಮಿಷಕ್ಕೆ ಮುಚ್ಚುತ್ತದೆ. ಎರಡನೆಯದು, ರಾತ್ರಿಯ ಜಾಬ್ ಹಿಡಿತಕ್ಕಾಗಿ 5 ನಿಮಿಷಕ್ಕಿಂತ ಜಾಸ್ತಿ ಕಾಯದಂತೆ ಮಾಡುತ್ತದೆ. ಪೋಸ್ಟ್‌ಗ್ರೆಸ್‌ನಲ್ಲಿ ಎರಡೂ ತಾನಾಗಿ ಸೊನ್ನೆಯಲ್ಲಿರುತ್ತವೆ, ಅಂದರೆ ಮಿತಿಯೇ ಇಲ್ಲ. ಒಂದು ಮಾತು ನೆನಪಿಡಿ: ಹೀಗೆ ಹಾಕಿದ ಮಿತಿ ಹೊಸದಾಗಿ ಲಾಗಿನ್ ಆದ ಸೆಷನ್‌ಗಳಿಗೆ ಮಾತ್ರ ಅನ್ವಯವಾಗುತ್ತದೆ. ಹಳೆಯ ಸೆಷನ್‌ಗಳನ್ನು ಮುಚ್ಚಿಸಿ ತೆರೆಸಬೇಕು, ಇಲ್ಲದಿದ್ದರೆ ಅಂದು ರಾತ್ರಿಯೇ ಮತ್ತೆ ಅದೇ ಕಥೆ.

ಇಲ್ಲಿ ನಾವು ಮಾಡಿದ್ದು ಕಾಯುವಿಕೆಯನ್ನು ಫೇಲ್ ಆಗಿ ಬದಲಿಸಿದ್ದು. ಫೇಲ್ ಆದರೆ ನಮ್ಮ ಎಚ್ಚರಿಕೆಗೆ ಕಾಣುತ್ತದೆ. ಈಗ 3:08ಕ್ಕೆ ಸಿಕ್ಕಿಬಿದ್ದ ಜಾಬ್ 3:13ಕ್ಕೆ `canceling statement due to lock timeout` ಎಂದು ಹೇಳಿ ನಿಲ್ಲುತ್ತದೆ. ಹತ್ತು ನಿಮಿಷ ಬಿಟ್ಟು ಮತ್ತೆ ಪ್ರಯತ್ನಿಸುತ್ತದೆ. ಮೂರು ಸಲವೂ ಆಗದಿದ್ದರೆ 3:43ಕ್ಕೆ ಸರದಿಯಲ್ಲಿರುವವರ ಫೋನ್ ಹೊಡೆದುಕೊಳ್ಳುತ್ತದೆ. ಪರೀಕ್ಷಿಸಲು ನಾವೇ ಪ್ರಯೋಗದ ಡೇಟಾಬೇಸ್‌ನಲ್ಲಿ ಒಂದು ಸೆಷನ್ ತೆರೆದಿಟ್ಟೆವು, ಜಾಬ್ ಓಡಿಸಿದೆವು, ಫೋನ್ ಬರುವವರೆಗೆ ಕಾದೆವು. ಬಂತು.

ಎರಡನೆಯದು ರಿಫ್ರೆಶ್. ಅದು ಗಡಿಯಾರ ನೋಡಿ ಓಡುತ್ತಿತ್ತು, ಈಗ ಎರಡೂ ಜಾಬ್ ಮುಗಿದ ಮೇಲೆ ಮಾತ್ರ ಓಡುತ್ತದೆ. ಒಂದು ಬಂದು ಇನ್ನೊಂದು ಬರದಿದ್ದರೆ ಡ್ಯಾಶ್‌ಬೋರ್ಡ್ ಹಿಂದಿನ ದಿನದ ಪೂರ್ತಿ ಲೆಕ್ಕವನ್ನೇ ತೋರಿಸುತ್ತದೆ, ಮೇಲ್ಗಡೆ "ಲೆಕ್ಕ ಇಷ್ಟನೇ ತಾರೀಖಿನವರೆಗೆ" ಎಂಬ ಸಾಲಿನೊಂದಿಗೆ. ಹಳೆಯ ಲೆಕ್ಕ ತೋರಿಸಬೇಕೋ, ಖಾಲಿ ಬಿಡಬೇಕೋ ಎಂಬುದು ನಮ್ಮ ತೀರ್ಮಾನವಲ್ಲ. ಫೈನಾನ್ಸ್‌ನವರನ್ನು ಕೇಳಿದೆ. ಹಳೆಯದಾದರೂ ಒಂದೇ ದಿನದ ಲೆಕ್ಕ ಇರಲಿ, ತಾರೀಖು ಎದ್ದು ಕಾಣಲಿ ಎಂದರು.

ಮೂರನೆಯದು 6:00 ಗಂಟೆಯ ಪರೀಕ್ಷೆ. ಏಕೆ 6:00? ಲೋಡ್‌ನಿಂದ ರಿಫ್ರೆಶ್‌ವರೆಗೆ ಅಂದು 78 ನಿಮಿಷ ಹಿಡಿದಿತ್ತು. 8:00ಕ್ಕೆ ತಲುಪಬೇಕಾದರೆ 6:42ಕ್ಕಾದರೂ ಜಾಬ್ ಮತ್ತೆ ಶುರುವಾಗಬೇಕು. 6:00ಕ್ಕೆ ಗೊತ್ತಾದರೆ ಸರಿಪಡಿಸಲು 42 ನಿಮಿಷ ಸಿಗುತ್ತದೆ. ಈ ಪರೀಕ್ಷೆಯಲ್ಲಿ ಎಡವುವ ಜಾಗ ಒಂದಿದೆ. ಇನ್‌ವಾಯ್ಸ್ ಟೇಬಲ್‌ನಲ್ಲಿ ಕೊನೆಯ ತಾರೀಖು ನಿನ್ನೆಯದೇ ಎಂದು ನೋಡುವುದು ಸುಲಭ ಅನಿಸುತ್ತದೆ, ಆದರೆ ರಜೆಯ ದಿನ ಇನ್‌ವಾಯ್ಸೇ ಇರುವುದಿಲ್ಲ. ಆಗ ಎಲ್ಲ ಸರಿಯಿದ್ದರೂ ಎಚ್ಚರಿಕೆ ಕೂಗುತ್ತದೆ, ನಾಲ್ಕು ಸಲ ಸುಳ್ಳು ಕೂಗಿದ ಮೇಲೆ ಅದನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ಪ್ರತಿ ಜಾಬ್ ಮುಗಿದಾಗ ಬೇರೆ ಟೇಬಲ್‌ನಲ್ಲಿ "ಇಂಥ ದಿನದ ಲೆಕ್ಕ ಇಷ್ಟು ಹೊತ್ತಿಗೆ ಮುಗಿಯಿತು" ಎಂದು ಒಂದು ಸಾಲು ಬರೆಯುತ್ತದೆ. ಪರೀಕ್ಷೆ ನೋಡುವುದು ಆ ಸಾಲನ್ನು.

ಹಂತ 5: ಇಮೇಲ್

ಇಷ್ಟೆಲ್ಲ ಕೈಯಲ್ಲಿದ್ದರೂ ಇಮೇಲ್ ಚಿಕ್ಕದಾಗಿರಬೇಕು. ವಿಷಯದ ಸಾಲಿನಲ್ಲೇ ಅಂಕಿ ಈಗ ಸರಿಯಿದೆಯೇ ಎಂಬುದು ಗೊತ್ತಾಗಬೇಕು. ಮೊದಲ ಪ್ಯಾರಾದಲ್ಲಿ ಅವರು ಏನು ಮಾಡಬೇಕು ಎಂಬುದು ಇರಬೇಕು. ಕಾರಣ ಅದರ ನಂತರ. ನನ್ನ ಕೊನೆಯ ಕರಡು ಇದು:

> ವಿಷಯ: ಇಂದಿನ ಬಾಕಿ ಅಂಕಿ 7:30–10:30ರವರೆಗೆ ತಪ್ಪಿತ್ತು, ಈಗ ಸರಿಯಾಗಿದೆ
>
> ಎಲ್ಲರಿಗೂ ನಮಸ್ಕಾರ,
>
> ಇಂದು ಬೆಳಿಗ್ಗೆ 7:30ರಿಂದ 10:30ರವರೆಗೆ ಡ್ಯಾಶ್‌ಬೋರ್ಡ್‌ನಲ್ಲಿ ಬರಬೇಕಾದ ಬಾಕಿ 392 ಲಕ್ಷ ಎಂದಿತ್ತು. ಸರಿಯಾದ ಅಂಕಿ 428 ಲಕ್ಷ. ಆ ಹೊತ್ತಿನಲ್ಲಿ ಯಾರಾದರೂ ಈ ಅಂಕಿಯನ್ನಾಗಲಿ, 30 ದಿನ ಮೀರಿದ ಬಾಕಿಯ ಶೇಕಡಾವಾರನ್ನಾಗಲಿ ವರದಿಗೆ ತೆಗೆದುಕೊಂಡಿದ್ದರೆ ದಯವಿಟ್ಟು ಬದಲಿಸಿ. ತಿಂಗಳ ಮಾರಾಟದಲ್ಲಿ ನಿನ್ನೆಯ ಒಂದು ದಿನ ಸೇರಿರಲಿಲ್ಲ. ನಿನ್ನೆ ಬಂದ ಹಣದ ಅಂಕಿ ಮೊದಲಿಂದಲೂ ಸರಿಯಾಗಿತ್ತು.
>
> ಈಗಿನ ಅಂಕಿಗಳನ್ನು ಬಿಲ್ಲಿಂಗ್ ವ್ಯವಸ್ಥೆಯ ಜತೆ ತಾಳೆ ನೋಡಿದ್ದೇವೆ: ನಿನ್ನೆಯ ಇನ್‌ವಾಯ್ಸ್ ಎರಡೂ ಕಡೆ 312, ಮೊತ್ತ 36 ಲಕ್ಷ.
>
> ಆದದ್ದು ಇಷ್ಟು. ರಾತ್ರಿ ಇನ್‌ವಾಯ್ಸ್ ಪಟ್ಟಿ ಹೊಸದಾಗಿ ತುಂಬಬೇಕಿತ್ತು. ನಮ್ಮ ತಂಡದ ಒಂದು ಕಂಪ್ಯೂಟರ್ ಸಂಜೆಯಿಂದ ಆ ಪಟ್ಟಿಯನ್ನು ತೆರೆದು ಹಿಡಿದಿದ್ದರಿಂದ ಕೆಲಸ 3:08ಕ್ಕೆ ನಿಂತಿತು. ಅದು ಕಾಯುತ್ತಿತ್ತೇ ಹೊರತು ಫೇಲ್ ಆಗಿರಲಿಲ್ಲ. ನಮ್ಮ ಎಚ್ಚರಿಕೆ ಫೇಲ್ ಆದಾಗ ಮಾತ್ರ ಬರುತ್ತಿತ್ತು, ಹಾಗಾಗಿ 8:40ಕ್ಕೆ ನೀವು ಹೇಳುವವರೆಗೆ ನಮಗೆ ಗೊತ್ತಾಗಲಿಲ್ಲ. ಜಮಾ ಹೊಸದು, ಇನ್‌ವಾಯ್ಸ್ ಹಳೆಯದು ಆಗಿದ್ದರಿಂದ ಬಾಕಿ ಕಡಿಮೆ ಕಂಡಿತು. ಇದಕ್ಕೆ ನಾವೇ ಹೊಣೆ, ಕ್ಷಮೆ ಇರಲಿ.
>
> ಇಂದು ಮಾಡಿ ಮುಗಿಸಿದ್ದು: ಹಾಗೆ ತೆರೆದು ಬಿಟ್ಟ ಸಂಪರ್ಕ 15 ನಿಮಿಷಕ್ಕೆ ತಾನಾಗಿ ಮುಚ್ಚುತ್ತದೆ. ರಾತ್ರಿಯ ಕೆಲಸ ಸಿಕ್ಕಿಬಿದ್ದರೆ 3:45ರೊಳಗೆ ನಮ್ಮಲ್ಲೊಬ್ಬರಿಗೆ ಫೋನ್ ಬರುತ್ತದೆ. ಇನ್‌ವಾಯ್ಸ್, ಜಮಾ ಎರಡೂ ಬಂದ ಮೇಲೆ ಮಾತ್ರ ಡ್ಯಾಶ್‌ಬೋರ್ಡ್ ಬದಲಾಗುತ್ತದೆ.
>
> ಶುಕ್ರವಾರದೊಳಗೆ ಮಾಡುವುದು: ಬೆಳಿಗ್ಗೆ 6:00ಕ್ಕೆ ಇನ್ನೊಂದು ಪರೀಕ್ಷೆ, ಮತ್ತು ಡ್ಯಾಶ್‌ಬೋರ್ಡ್‌ನ ಮೇಲ್ಗಡೆ "ಲೆಕ್ಕ ಇಷ್ಟನೇ ತಾರೀಖಿನವರೆಗೆ" ಎಂಬ ಸಾಲು.
>
> ಬಿಲ್ಲಿಂಗ್ ವ್ಯವಸ್ಥೆಯೇ ರಾತ್ರಿ ನಿಂತಿದ್ದರೆ ಡ್ಯಾಶ್‌ಬೋರ್ಡ್ ಆಗಲೂ ತಡವಾಗಬಹುದು. ಆಗ ಹಿಂದಿನ ದಿನದ ಪೂರ್ತಿ ಲೆಕ್ಕ ಕಾಣುತ್ತದೆ, ಬೆರಕೆ ಅಂಕಿ ಬರುವುದಿಲ್ಲ. 7:00ರೊಳಗೆ ನಮ್ಮಿಂದ ಸಂದೇಶವೂ ಬರುತ್ತದೆ.

ಕೊನೆಯ ಪ್ಯಾರಾ ಬಿಡಬೇಕು ಎಂದು ನಮ್ಮ ತಂಡದಲ್ಲಿ ಒಬ್ಬರು ಹೇಳಿದರು. ಸರಿಪಡಿಸಿದ್ದನ್ನು ಹೇಳುವ ಇಮೇಲ್‌ನಲ್ಲಿ ಮತ್ತೆ ತಡವಾಗಬಹುದು ಎನ್ನುವುದೇಕೆ ಎಂಬುದು ಅವರ ವಾದ. ನಾನು ಉಳಿಸಿಕೊಂಡೆ. ನಾವು ಮುಚ್ಚಿದ್ದು ಒಂದು ದಾರಿಯನ್ನು ಮಾತ್ರ. ತಿಂಗಳ ಲೆಕ್ಕ ಮುಗಿಸುವ ದಿನ ಬೆಳಿಗ್ಗೆ ಅವರು ಎಷ್ಟರ ಮಟ್ಟಿಗೆ ಈ ಪರದೆಯನ್ನು ನೆಚ್ಚಬಹುದು ಎಂದು ಅವರಿಗೆ ಗೊತ್ತಿರಬೇಕು.

ಕಳಿಸುವ ಮುನ್ನ ಇಮೇಲನ್ನು ಫೈನಾನ್ಸ್‌ನ ಒಬ್ಬರಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: "ಬೆಳಿಗ್ಗೆ 8:15ಕ್ಕೆ ನಾನು ಇಳಿಸಿಕೊಂಡ ಎಕ್ಸೆಲ್ ಫೈಲ್ ಕೂಡ ತಪ್ಪಾ?" ಹೌದು, ತಪ್ಪು. ಅದು ನನ್ನ ಕರಡಿನಲ್ಲಿ ಇರಲೇ ಇಲ್ಲ. ಮೊದಲ ಪ್ಯಾರಾಕ್ಕೆ ಒಂದು ಸಾಲು ಸೇರಿಸಿದೆ: "7:30ರಿಂದ 10:30ರ ನಡುವೆ ಇಳಿಸಿಕೊಂಡ ಫೈಲ್‌ಗಳನ್ನು ಅಳಿಸಿ, ಮತ್ತೆ ಇಳಿಸಿಕೊಳ್ಳಿ."

ಶುಕ್ರವಾರ ಸಂಜೆ ಅದೇ ಇಮೇಲ್‌ಗೆ ಉತ್ತರವಾಗಿ ಇನ್ನೆರಡು ಸಾಲು ಹೋಯಿತು: 6:00 ಗಂಟೆಯ ಪರೀಕ್ಷೆ ಶುರುವಾಗಿದೆ, ತಾರೀಖಿನ ಸಾಲು ನಾಳೆ ಬೆಳಿಗ್ಗೆಯಿಂದ ಕಾಣುತ್ತದೆ.